ಶಾಲೆಯ ಕೈಯಲ್ಲಿರುವ ನೂರಕ್ಕೆ ಇಪ್ಪತ್ತು ಅಂಕ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ನಿಮ್ಮ ಮಗನೋ ಮಗಳೋ ಓದುತ್ತಿದ್ದರೆ, ಅಂಕಪಟ್ಟಿಯಲ್ಲಿ ಎರಡು ಬಗೆಯ ಅಂಕಗಳಿರುವುದು ನಿಮಗೆ ಗೊತ್ತಿದೆ. ಒಂದು ಲಿಖಿತ ಪರೀಕ್ಷೆಯದ್ದು. ಇನ್ನೊಂದು ನಿರಂತರ ಮೌಲ್ಯಮಾಪನದ್ದು, ಮಕ್ಕಳ ಬಾಯಲ್ಲಿ ಅದು 'ಸಿ.ಇ. ಮಾರ್ಕು'. ಎಸ್ಸೆಸೆಲ್ಸಿಯಲ್ಲಿ ಗಣಿತ, ಇಂಗ್ಲಿಷ್, ಸಮಾಜ ವಿಜ್ಞಾನಗಳಿಗೆ ಲಿಖಿತ 80, ಸಿ.ಇ. 20. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಿಗೆ ಲಿಖಿತ 40, ಸಿ.ಇ. 10. ಅಂದರೆ ಪ್ರತಿ ವಿಷಯದಲ್ಲೂ ನೂರಕ್ಕೆ ಇಪ್ಪತ್ತು ಅಂಕ ಶಾಲೆಯ ಕೈಯಲ್ಲಿದೆ. ಮಗುವಿನ ಪ್ರಾಜೆಕ್ಟು, ಸೆಮಿನಾರು, ಬರೆದು ಕೂಡಿಟ್ಟ ಕೆಲಸ, ಬಾಯಿಮಾತಿನ ಉತ್ತರ, ಎಲ್ಲವೂ ಸೇರುವುದು ಇಲ್ಲಿಗೇ.

ಇದು ಸಣ್ಣ ಲೆಕ್ಕವಲ್ಲ. ಗಣಿತದ ಲಿಖಿತ ಪರೀಕ್ಷೆಯಲ್ಲಿ 52 ಪಡೆದ ಮಗುವಿಗೆ ಸಿ.ಇ.ಯಲ್ಲಿ 20 ಸಿಕ್ಕರೆ ಒಟ್ಟು 72, ಗ್ರೇಡು ಬಿ ಪ್ಲಸ್. 14 ಸಿಕ್ಕರೆ ಒಟ್ಟು 66, ಗ್ರೇಡು ಬಿ. ಕೆಳಗಿನ ತುದಿಯಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು. ತೇರ್ಗಡೆಗೆ ಒಟ್ಟು ಶೇಕಡಾ 30 ಸಾಕು ಎಂಬ ಕ್ರಮದಲ್ಲಿ, ಸಿ.ಇ.ಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಸಿಕ್ಕ ಮಗು ಲಿಖಿತ ಪರೀಕ್ಷೆಯಲ್ಲಿ ಎಂಬತ್ತಕ್ಕೆ ಹತ್ತು ಪಡೆದರೂ ದಾಟಿಬಿಡುತ್ತದೆ. 2024ರ ಎಸ್ಸೆಸೆಲ್ಸಿಯಲ್ಲಿ ಶೇಕಡಾ 99.69 ಮಕ್ಕಳು ತೇರ್ಗಡೆಯಾದರು. ಅದೇ ವರ್ಷ ಕೇರಳ ಸರಕಾರ ಲಿಖಿತ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಶೇಕಡಾ 30 ಬೇಕು ಎಂಬ ನಿರ್ಧಾರ ಕೈಗೊಂಡಿತು. 2024-25ರಲ್ಲಿ ಎಂಟನೇ ತರಗತಿಯಿಂದ ಆರಂಭಿಸಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಒಯ್ಯುವುದು ಯೋಜನೆ. ಅದರಂತೆ 80ರಲ್ಲಿ 24, 40ರಲ್ಲಿ 12 ಅಂಕವನ್ನು ಮಗು ಬರೆದೇ ಪಡೆಯಬೇಕು.

ಇದನ್ನು ಕೇಳಿ ನಮ್ಮಲ್ಲಿ ಕೆಲವರು 'ಹಾಗಾದರೆ ಈ ಪ್ರಾಜೆಕ್ಟು, ಮೌಖಿಕ ಎಲ್ಲ ದಂಡ, ಬರೆದದ್ದೇ ನಿಜ' ಎನ್ನುತ್ತಾರೆ. ಹಾಗೆಂದು ತೀರ್ಮಾನಿಸುವ ಮೊದಲು ಬಾಯಿಮಾತಿನ ಪರೀಕ್ಷೆ ಏನನ್ನು ಹಿಡಿಯುತ್ತದೆ ಎಂದು ನೋಡೋಣ.

ಭೌತಶಾಸ್ತ್ರದ ಒಂದು ಪ್ರಶ್ನೆ ತೆಗೆದುಕೊಳ್ಳಿ. ಒಬ್ಬ ಹುಡುಗ ಮನೆಯಿಂದ ಪೂರ್ವಕ್ಕೆ 60 ಮೀಟರ್ ನಡೆದು, ಅದೇ ದಾರಿಯಲ್ಲಿ ಮನೆಗೆ ಮರಳುತ್ತಾನೆ. ಒಟ್ಟು ಎರಡು ನಿಮಿಷ ಹಿಡಿಯುತ್ತದೆ. ಅವನ ಸರಾಸರಿ ವೇಗ ಎಷ್ಟು? ಕರ್ನಾಟಕದ ವಿಜ್ಞಾನ ಪುಸ್ತಕಗಳ ಕನ್ನಡದಲ್ಲಿ 'ಜವ' ಬೇರೆ, 'ವೇಗ' ಬೇರೆ. ನಡೆದ ಒಟ್ಟು ದೂರವನ್ನು ಕಾಲದಿಂದ ಭಾಗಿಸಿದರೆ ಜವ, ಇಲ್ಲಿ ನಿಮಿಷಕ್ಕೆ 60 ಮೀಟರ್. ಹೊರಟ ಜಾಗದಿಂದ ಎಷ್ಟು ಸರಿದಿದ್ದಾನೆ ಎಂಬುದನ್ನು, ಅಂದರೆ ಸ್ಥಾನಪಲ್ಲಟವನ್ನು, ಕಾಲದಿಂದ ಭಾಗಿಸಿದರೆ ವೇಗ. ಹುಡುಗ ಮನೆಗೇ ಬಂದಿರುವುದರಿಂದ ಅದು ಸೊನ್ನೆ. ಮಗು '60' ಎಂದು ಬರೆದರೆ ಲಿಖಿತ ಪರೀಕ್ಷೆಯಲ್ಲಿ ಉತ್ತರ ತಪ್ಪು. ಕಥೆ ಅಲ್ಲಿಗೆ ಮುಗಿಯಿತು.

ಅದೇ ಮಗುವನ್ನು ಶಿಕ್ಷಕರು ಎದುರು ಕೂರಿಸಿ ಕೇಳಲಿ. 'ಒಟ್ಟು ಎಷ್ಟು ನಡೆದ?' '120 ಮೀಟರ್.' 'ಈಗ ಎಲ್ಲಿದ್ದಾನೆ?' 'ಮನೆಯಲ್ಲೇ.' 'ಹೊರಟ ಜಾಗದಿಂದ ಎಷ್ಟು ದೂರ ಸರಿದಿದ್ದಾನೆ?' 'ಏನೂ ಇಲ್ಲ.' ಮೂರು ಪ್ರಶ್ನೆಯಲ್ಲಿ ವಿಷಯ ಸ್ಪಷ್ಟವಾಯಿತು. ಮಗುವಿಗೆ ಭೌತಶಾಸ್ತ್ರ ಗೊತ್ತಿದೆ, ತಪ್ಪಿದ್ದು ಪದ. ಇದಕ್ಕೆ ಬೇಕಾದದ್ದು ಐದು ನಿಮಿಷದ ತಿದ್ದುವಿಕೆಯೇ ಹೊರತು ಇಡೀ ಪಾಠವನ್ನು ಮತ್ತೆ ಮಾಡುವುದಲ್ಲ. ಇದರ ತಿರುಗುಮುರುಗೂ ಇದೆ. ವೇಗದ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಬರೆದು ಪೂರ್ತಿ ಅಂಕ ಪಡೆದ ಮಗು 'ಈಗ ಹುಡುಗ ಎಷ್ಟು ಸರಿದಿದ್ದಾನೆ?' ಎಂದರೆ ತಡವರಿಸಬಹುದು. ಈ ಇಬ್ಬರನ್ನು ಬೇರೆ ಮಾಡಿ ತೋರಿಸುವ ಶಕ್ತಿ ಉತ್ತರ ಪತ್ರಿಕೆಗಿಲ್ಲ, ಎದುರು ಕೂತು ಕೇಳುವವರಿಗಿದೆ.

ಇಲ್ಲೇ ನಮ್ಮ ಗಡಿನಾಡಿನ ತೊಡಕು ಇರುವುದು. ಮಲಯಾಳದಲ್ಲಿ 'ವೇಗಂ' ಎಂದರೆ ಕನ್ನಡದ ಜವ. ಕನ್ನಡದ ವೇಗಕ್ಕೆ ಮಲಯಾಳದಲ್ಲಿ 'ಪ್ರವೇಗಂ' ಎನ್ನುತ್ತಾರೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದರೆ ಏನಾಗುತ್ತದೆ ಎಂದು ಊಹಿಸಿ. ಮಗು 'ವೇಗ ಸೊನ್ನೆ' ಎಂದು ಸರಿಯಾಗಿಯೇ ಹೇಳುತ್ತದೆ. ಕೇಳುವವರ ಕಿವಿಗೆ ಅದು 'ನಡೆದೇ ಇಲ್ಲ' ಎಂಬಂತೆ ಬೀಳುತ್ತದೆ. ಲಿಖಿತ ಉತ್ತರವನ್ನಾದರೆ ಬೇರೆ ಕಡೆ ಕನ್ನಡ ಬಲ್ಲವರು ನೋಡಬಹುದು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಬಾಯಿಮಾತು ಕೇಳಿದವರ ಕಿವಿಯಲ್ಲೇ ಮುಗಿಯುತ್ತದೆ. ಕನ್ನಡ ಬಲ್ಲ ಶಿಕ್ಷಕರ ನೇಮಕಕ್ಕಾಗಿ ನಾವು ಇಷ್ಟು ವರ್ಷ ಕೂಗಿದ್ದು ಪಾಠದ ಸಲುವಾಗಿ ಮಾತ್ರವಲ್ಲ, ಪರೀಕ್ಷೆಯ ನ್ಯಾಯದ ಸಲುವಾಗಿಯೂ ಹೌದು. ಮೌಖಿಕ ಪರೀಕ್ಷೆಯ ಅಳತೆಗೋಲೇ ಶಿಕ್ಷಕರ ಕನ್ನಡ.

ಇನ್ನೊಂದು ಅಪಾಯ ಕನ್ನಡ ಬಲ್ಲವರಿಂದಲೂ ಬರುತ್ತದೆ. ನಮ್ಮ ಮಕ್ಕಳ ಮನೆಮಾತು ತುಳು, ಹವ್ಯಕ, ಕೊಂಕಣಿ, ಬ್ಯಾರಿ, ಮಲಯಾಳ, ಏನೂ ಇರಬಹುದು. ವಿಷಯ ಸರಿಯಾಗಿ ಹೇಳಿಯೂ ಉಚ್ಚಾರ ಪುಸ್ತಕದಂತಿಲ್ಲವೆಂದು ವಿಜ್ಞಾನದಲ್ಲಿ ಅಂಕ ಕಳೆದರೆ ಅದು ಅನ್ಯಾಯ. ಭಾಷೆಗೆ ಅಂಕ ಭಾಷಾ ವಿಷಯದಲ್ಲಿರಲಿ. ವಿಜ್ಞಾನದಲ್ಲಿ ವಿಜ್ಞಾನಕ್ಕೇ ಇರಲಿ.

ಈಗ ಪ್ರಾಜೆಕ್ಟಿನ ಕಡತದ ವಿಚಾರ. ಪೋರ್ಟ್‌ಫೋಲಿಯೋ, ಅಂದರೆ ಕೃತಿ ಸಂಪುಟ ಎಂದರೆ ಮಗುವಿನ ಕೆಲಸ ವರ್ಷದುದ್ದಕ್ಕೂ ಹೇಗೆ ಬೆಳೆಯಿತು ಎಂದು ತೋರಿಸುವ ಕಟ್ಟು. ಆದರೆ ಅನೇಕ ಕಡೆ ಅದು ಅಂಗಡಿಯಿಂದ ಪ್ರಿಂಟು ತೆಗೆಸಿ, ಬಣ್ಣದ ಹೊದಿಕೆ ಹಾಕಿ, ಕೊನೆಯ ವಾರ ಒಪ್ಪಿಸುವ ವಸ್ತುವಾಗಿದೆ. ಹತ್ತು ಮಕ್ಕಳದ್ದೂ ಒಂದೇ ಬರಹ, ಒಂದೇ ಚಿತ್ರ. ಅದರಲ್ಲಿ ಅಳೆಯಲ್ಪಡುವುದು ಮಗುವಲ್ಲ, ಮನೆಯವರ ಜೇಬು ಮತ್ತು ಬಿಡುವು.

ನಿಜವಾದ ಕಡತ ಹೇಗಿರುತ್ತದೆ ಎಂದು ಹೇಳುತ್ತೇನೆ. ನಮ್ಮ ಕಡೆ ಮುರಕಲ್ಲಿನ ಗುಡ್ಡ ಕೊರೆದ ಸುರಂಗದ ನೀರು ಅನೇಕ ಮನೆಗಳಿಗೆ ಆಧಾರ. ಒಂದು ಮಗು ತಿಂಗಳಿಗೊಮ್ಮೆ 15 ಲೀಟರ್ ಬಕೆಟ್ ಇಟ್ಟು, ಅದು ತುಂಬಲು ಹಿಡಿದ ಸಮಯ ಬರೆದಿಡುತ್ತದೆ ಎನ್ನಿ. ಅಕ್ಟೋಬರಿನಲ್ಲಿ 50 ಸೆಕೆಂಡು, ಮಾರ್ಚಿನಲ್ಲಿ 200 ಸೆಕೆಂಡು. ಅಂದರೆ ಹರಿವು ಕಾಲು ಭಾಗಕ್ಕೆ ಇಳಿದಿದೆ. ಕಡತದಲ್ಲಿ ದಿನಾಂಕ ಇರುವ ಪುಟಗಳಿವೆ, ಒದ್ದೆಯಾಗಿ ಶಾಯಿ ಹರಡಿದ ಒಂದು ಹಾಳೆಯಿದೆ, 'ಒಮ್ಮೆ ಅಳೆದರೆ ಸಾಕೇ?' ಎಂಬ ಶಿಕ್ಷಕರ ಟಿಪ್ಪಣಿಯಿದೆ, ಮುಂದಿನ ತಿಂಗಳಿನಿಂದ ಮೂರು ಸಲ ಅಳೆದು ಸರಾಸರಿ ತೆಗೆದ ಲೆಕ್ಕವಿದೆ. ಇಂಥದ್ದನ್ನು ಅಂಗಡಿ ಕೊಡಲಾರದು. ಅನುಮಾನ ಬಂದರೂ 'ಮೂರು ಸಲ ಯಾಕೆ ಅಳೆದೆ?' ಎಂದು ಒಂದು ಪ್ರಶ್ನೆ ಕೇಳಿದರೆ ಸತ್ಯ ಹೊರಬರುತ್ತದೆ. ಆದ್ದರಿಂದ ಕಡತ ಮತ್ತು ಮೌಖಿಕ ಜೊತೆಯಾಗಿ ಇರಬೇಕು. ಮೌಖಿಕವಿಲ್ಲದ ಕಡತವನ್ನು ಕೊಳ್ಳಬಹುದು, ಕಡತವಿಲ್ಲದ ಮೌಖಿಕಕ್ಕೆ ಸಾಕ್ಷಿ ಇರುವುದಿಲ್ಲ.

ಸಾಕ್ಷಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗಳ ಹೆತ್ತವರು ಕಂಡಿದ್ದಾರೆ. ಮಹಾರಾಷ್ಟ್ರದ ಹತ್ತನೇ ತರಗತಿಯಲ್ಲಿ ಭಾಷೆಗಳಿಗಿದ್ದ 20 ಆಂತರಿಕ ಅಂಕಗಳನ್ನು 2018-19ರಲ್ಲಿ ತೆಗೆದರು. ರಾಜ್ಯದ ಫಲಿತಾಂಶ 2018ರಲ್ಲಿ ಶೇಕಡಾ 89.41 ಇದ್ದದ್ದು 2019ರಲ್ಲಿ ಶೇಕಡಾ 77.10ಕ್ಕೆ ಇಳಿಯಿತು. ಆ ವರ್ಷ ಪಠ್ಯವೂ ಹೊಸದಾಗಿತ್ತು, ಹಾಗಾಗಿ ಇಡೀ ಇಳಿಕೆಯನ್ನು ಈ ಅಂಕಗಳ ತಲೆಗೇ ಕಟ್ಟಲಾಗದು. ಗದ್ದಲವಾಯಿತು, ಮರುವರ್ಷವೇ 20 ಅಂಕ ಮರಳಿ ಬಂದವು. 'ಅವು ಪುಕ್ಕಟೆ ಅಂಕ' ಎಂದರು ಕೆಲವರು, 'ಮಾತಿನ ಸಾಮರ್ಥ್ಯದ ಅಂಕ' ಎಂದರು ಇನ್ನು ಕೆಲವರು. ಮಗುವಿನ ಮಾತಿನ, ಕೆಲಸದ ದಾಖಲೆಯನ್ನು ಮುಂದಿಡದೆ ಆ ವಾದ ಬಗೆಹರಿಯುವಂಥದ್ದಲ್ಲ. ಎಲ್ಲರಿಗೂ 18, 19 ಹಾಕುವ ಶಾಲೆ ಮಕ್ಕಳಿಗೆ ಉಪಕಾರ ಮಾಡಿದಂತೆ ಕಾಣುತ್ತದೆ. ಒಂದು ದಿನ ಆ ಅಂಕವನ್ನು ಸರಕಾರ ತೆಗೆದುಬಿಟ್ಟರೆ ಅದನ್ನು ಸಮರ್ಥಿಸಲು ಕೈಯಲ್ಲಿ ಏನೂ ಇರುವುದಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇದು. ಲಿಖಿತದಲ್ಲಿ ಕನಿಷ್ಠ ಅಂಕ ಇರಲಿ, ಅದಕ್ಕೆ ನಾವು ಹೆದರಬೇಕಿಲ್ಲ. ಆದರೆ ಉಳಿದ ಇಪ್ಪತ್ತನ್ನು ಬಿಟ್ಟುಕೊಡುವುದೂ ಬೇಡ, ಅದನ್ನು ನಿಜವಾದ ಅಂಕವಾಗಿಸೋಣ. ಮುಂದಿನ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಮೂರು ವಿಷಯ ಕೇಳಿ. ಒಂದು, ಅಂಕವನ್ನು ಮೇಲಕ್ಕೆ ಕಳುಹಿಸುವ ಮೊದಲು ಕಡತವನ್ನು ನಮಗೆ ತೋರಿಸಿ. ಎರಡು, ಮೌಖಿಕದಲ್ಲಿ ಕೇಳಿದ ಪ್ರಶ್ನೆ, ಮಗುವಿನ ಉತ್ತರದ ಸಾರ, ಕೊಟ್ಟ ಅಂಕ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಡತಕ್ಕೆ ಸೇರಿಸಿ. ಮೂರು, ವಿಷಯದ ಶಿಕ್ಷಕರಿಗೆ ಕನ್ನಡ ಬಾರದಿದ್ದರೆ ಕನ್ನಡ ಬಲ್ಲ ಇನ್ನೊಬ್ಬ ಶಿಕ್ಷಕರು ಜೊತೆಗೆ ಕೂರಲಿ.

'ಸಮಯ ಎಲ್ಲಿದೆ?' ಎಂದು ಶಿಕ್ಷಕರು ಕೇಳುತ್ತಾರೆ, ಕೇಳುವುದು ನ್ಯಾಯವೇ. 35 ಮಕ್ಕಳ ತರಗತಿಯಲ್ಲಿ ತಲೆಗೆ ಆರು ನಿಮಿಷ ಎಂದರೂ 210 ನಿಮಿಷ, 40 ನಿಮಿಷದ ಐದು ಪೀರಿಯಡಿಗೂ ಹೆಚ್ಚು. ಒಂದೇ ವಾರದಲ್ಲಿ ಮುಗಿಸಹೊರಟರೆ ಅದು ಕಣ್ಕಟ್ಟಾಗುತ್ತದೆ. ದಿನಕ್ಕೆ ಇಬ್ಬರಂತೆ ಕರೆದರೆ 18 ಶಾಲಾ ದಿನಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಪ್ರತಿ ವಿಷಯದಲ್ಲಿ ಅವಧಿಗೊಂದು ಸುತ್ತು ಸಾಕು.

ಮನೆಯಲ್ಲಿ ನೀವು ಮಾಡಬಹುದಾದ್ದು ಇನ್ನೂ ಸುಲಭ. ಇವತ್ತು ರಾತ್ರಿ ಮಗುವಿನ ಪ್ರಾಜೆಕ್ಟು ಪುಸ್ತಕ ತೆರೆಯಿರಿ. ದಿನಾಂಕ ಇದೆಯೇ, ತಿದ್ದಿದ ಗುರುತು ಇದೆಯೇ, ಶಿಕ್ಷಕರ ಒಂದು ಸಾಲಾದರೂ ಇದೆಯೇ ನೋಡಿ. ಆಮೇಲೆ ಒಂದು ಪುಟ ತೋರಿಸಿ 'ಇದು ಯಾಕೆ ಹೀಗೆ?' ಎಂದು ಕೇಳಿ. ನಿಮಗೆ ವಿಷಯ ತಿಳಿದಿರಬೇಕೆಂದಿಲ್ಲ. ತಾನೇ ಮಾಡಿದ ಕೆಲಸವನ್ನು ಮಗು ಮನೆಮಾತಿನಲ್ಲೇ ಹೇಳುತ್ತದೆ, ತಾನು ಮಾಡದ್ದಾದರೆ ಪುಟ ನೋಡಿ ಓದತೊಡಗುತ್ತದೆ.