ಸ್ವಂತ ಮನೆಯ ನಿಜವಾದ ಬೆಲೆ: ಡೊಂಬಿವಲಿಯ ಒಂದು ಲೆಕ್ಕ

ಠಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಒಂದು ಮಾತು ಪ್ರಶ್ನೆಯಿಲ್ಲದೆ ಉಳಿದುಬಂದಿದೆ. ಬಾಡಿಗೆ ಕೊಟ್ಟರೆ ಹಣ ನೀರಿಗೆ ಹೋಯಿತು, ಬ್ಯಾಂಕಿನ ಕಂತು ಕಟ್ಟಿದರೆ ಹಣ ಮನೆಯಾಗಿ ಉಳಿಯಿತು ಎಂಬುದೇ ಆ ಮಾತು. ವರಾನ್ವೇಷಣೆಯಲ್ಲಿ ಹುಡುಗನ ಓದು ಮತ್ತು ಸಂಬಳದ ಬಳಿಕ ಕೇಳಲಾಗುವ ಮೂರನೆಯ ಪ್ರಶ್ನೆಯೂ ಇದರಿಂದಲೇ ಹುಟ್ಟಿದೆ: ‘ಸ್ವಂತ ಮನೆ ಇದೆಯೇ?’ ಈ ಪ್ರಶ್ನೆಗೆ ಹೌದೆನ್ನಲೆಂದೇ ಇಪ್ಪತ್ತೆಂಟರ ತರುಣರು ಇಪ್ಪತ್ತು ವರ್ಷಗಳ ಸಾಲಕ್ಕೆ ಸಹಿ ಹಾಕುತ್ತಿದ್ದಾರೆ. ಆದರೆ ಕಂತನ್ನೂ ಬಾಡಿಗೆಯನ್ನೂ ಎದುರೆದುರು ಇಟ್ಟು ನೋಡುವುದು ಲೆಕ್ಕವಲ್ಲ. ಎರಡೂ ಕಡೆಗಳಲ್ಲಿ ಮರಳಿ ಬಾರದ ಹಣವೆಷ್ಟು ಎಂದು ನೋಡುವುದೇ ಲೆಕ್ಕ.

ಡೊಂಬಿವಲಿ ಪೂರ್ವದ ಹಳೆಯ ಸೊಸೈಟಿಯೊಂದರಲ್ಲಿ ಎರಡು ಕೋಣೆ, ನಡುಮನೆ, ಅಡುಗೆಮನೆಯ ಫ್ಲ್ಯಾಟ್ ಒಂದನ್ನು ಉದಾಹರಣೆಗೆ ಭಾವಿಸೋಣ. ಬೆಲೆ 70 ಲಕ್ಷ ರೂಪಾಯಿ. ಅದೇ ಮನೆಗೆ ತಿಂಗಳ ಬಾಡಿಗೆ 18,000. ಡಿಪಾಸಿಟ್ 1 ಲಕ್ಷ. ಕೊಳ್ಳುವವರು ಮೊದಲು ಎದುರಿಸುವುದು ಬೆಲೆಯ ಮೇಲಿನ ವೆಚ್ಚಗಳನ್ನು. ಈ ನಗರಗಳಲ್ಲಿ ಮೆಟ್ರೊ ಮತ್ತು ಸ್ಥಳೀಯ ಸಂಸ್ಥೆಗಳ ಪಾಲು ಸೇರಿ ಮುದ್ರಾಂಕ ಶುಲ್ಕ ಶೇ. 7, ಅಂದರೆ 4,90,000 ರೂಪಾಯಿ. ನೋಂದಣಿ ಶುಲ್ಕ ಗರಿಷ್ಠ ಮಿತಿಯಾದ 30,000. ದಲ್ಲಾಳಿಗೆ ಶೇ. 1ರಂತೆ 70,000. ಸೊಸೈಟಿಯ ವರ್ಗಾವಣೆ ಶುಲ್ಕ, ಬಣ್ಣ, ಕೊಳಾಯಿ, ವಿದ್ಯುತ್ ಕೆಲಸಗಳಿಗೆ 1,10,000 ಎಂದಿಟ್ಟರೆ ಒಟ್ಟು 7 ಲಕ್ಷ. ಮನೆ ಕೇವಲ ಮಹಿಳೆಯ ಹೆಸರಿನಲ್ಲಿದ್ದರೆ ಮುದ್ರಾಂಕ ಶುಲ್ಕದಲ್ಲಿ ಶೇ. 1ರ ರಿಯಾಯಿತಿಯಿದೆ, ಇಲ್ಲಿ ಅದು 70,000 ರೂಪಾಯಿಯ ಉಳಿತಾಯ. ಬ್ಯಾಂಕು ಬೆಲೆಯ ಶೇ. 80ರಷ್ಟನ್ನು, ಎಂದರೆ 56 ಲಕ್ಷವನ್ನು ಸಾಲವಾಗಿ ಕೊಡುತ್ತದೆ. ಉಳಿದ 14 ಲಕ್ಷ ಮತ್ತು ಈ 7 ಲಕ್ಷ, ಒಟ್ಟು 21 ಲಕ್ಷ, ಕುಟುಂಬದ ಉಳಿತಾಯದಿಂದಲೇ ಹೋಗಬೇಕು.

ಸಾಲದ ಬಡ್ಡಿ ಶೇ. 8.5, ಅವಧಿ 20 ವರ್ಷ ಎಂದಾದರೆ ಮಾಸಿಕ ಕಂತು ಸುಮಾರು 48,600 ರೂಪಾಯಿ. ಮೊದಲ ವರ್ಷ ಕಟ್ಟುವ 5.83 ಲಕ್ಷದಲ್ಲಿ ಅಸಲಿಗೆ ಸೇರುವುದು 1.11 ಲಕ್ಷ ಮಾತ್ರ, 4.72 ಲಕ್ಷ ಬಡ್ಡಿ. ಇದು ಬಾಡಿಗೆಯಷ್ಟೇ ಮರಳಿ ಬಾರದ ಹಣ. ಪಡೆಯುವವನು ಮನೆಯೊಡೆಯನಲ್ಲ, ಬ್ಯಾಂಕು ಎಂಬುದಷ್ಟೇ ವ್ಯತ್ಯಾಸ. ಎರಡನೆಯದು ಯಾರ ಪಾಸ್‌ಬುಕ್ಕಿನಲ್ಲಿಯೂ ಕಾಣದ ವೆಚ್ಚ. 21 ಲಕ್ಷ ಬ್ಯಾಂಕಿನ ಠೇವಣಿಯಲ್ಲಿದ್ದರೆ ತೆರಿಗೆ ಕಳೆದು ಶೇ. 6ರಂತೆ ವರ್ಷಕ್ಕೆ 1.26 ಲಕ್ಷ ಬರುತ್ತಿತ್ತು. ಮೂರನೆಯದು ಪಾಲನೆ: ಸೊಸೈಟಿಯ ಮಾಸಿಕ ವಂತಿಗೆ, ಆಸ್ತಿ ತೆರಿಗೆ, ದುರಸ್ತಿ ಸೇರಿ ವರ್ಷಕ್ಕೆ 60,000. ಒಟ್ಟು 6.58 ಲಕ್ಷ.

ಬಾಡಿಗೆದಾರನ ಪಟ್ಟಿ ಇದಕ್ಕಿಂತ ಚಿಕ್ಕದು. ಬಾಡಿಗೆ 2.16 ಲಕ್ಷ, 1 ಲಕ್ಷ ಡಿಪಾಸಿಟ್ಟಿನ ಮೇಲೆ ಕಳೆದುಹೋದ ಬಡ್ಡಿ 6,000, ಎರಡು ವರ್ಷಕ್ಕೊಮ್ಮೆ ಮನೆ ಬದಲಿಸುವುದಾದರೆ ದಲ್ಲಾಳಿ, ಸಾಗಾಟ, ಲೀವ್ ಅಂಡ್ ಲೈಸೆನ್ಸ್ ಒಪ್ಪಂದದ ನೋಂದಣಿ ಎಲ್ಲಕ್ಕೂ ವರ್ಷಕ್ಕೆ ಸರಾಸರಿ 20,000. ಒಟ್ಟು 2.42 ಲಕ್ಷ. ಮೊದಲ ವರ್ಷದ ವ್ಯತ್ಯಾಸ 4.16 ಲಕ್ಷ. ಇದು ಮನೆಯ ಬೆಲೆಯ ಸುಮಾರು ಶೇ. 6. ಮನೆಯ ಬೆಲೆ ಆ ವರ್ಷ ಅಷ್ಟು ಏರಿದರೆ ಮಾತ್ರ ಕೊಂಡವನಿಗೂ ಬಾಡಿಗೆಯವನಿಗೂ ಸಮಸಮ. ಆ 7 ಲಕ್ಷದ ಪ್ರವೇಶ ವೆಚ್ಚ ಇನ್ನೂ ಬೇರೆಯೇ ಉಳಿದಿದೆ.

ಒಂದೇ ವರ್ಷದ ಚಿತ್ರ ಸಾಲದು. ಬಾಡಿಗೆಯೂ ಪಾಲನೆಯ ವೆಚ್ಚವೂ ವರ್ಷಕ್ಕೆ ಶೇ. 5ರಂತೆ ಏರುತ್ತವೆ, ಬಾಡಿಗೆದಾರನು ತನ್ನ 20 ಲಕ್ಷವನ್ನೂ ಪ್ರತಿ ತಿಂಗಳು ಕೈಯಲ್ಲಿ ಉಳಿಯುವ ವ್ಯತ್ಯಾಸವನ್ನೂ ಶೇ. 6ಕ್ಕೆ ಕೂಡಿಡುತ್ತಾನೆ ಎಂದುಕೊಳ್ಳೋಣ. ಹತ್ತು ವರ್ಷಗಳ ಕೊನೆಗೆ ಅವನ ಬಳಿ ಸುಮಾರು 86.6 ಲಕ್ಷ ಇರುತ್ತದೆ. ಕೊಂಡವನಿಗೆ ಆಗ ಇನ್ನೂ 39.2 ಲಕ್ಷ ಸಾಲ ಬಾಕಿಯಿರುತ್ತದೆ. ಅದನ್ನು ತೀರಿಸಿ, ಮಾರಾಟದ ದಲ್ಲಾಳಿಯನ್ನು ಕಳೆದು ಅಷ್ಟೇ ಹಣ ಕೈಗೆ ಬರಬೇಕಾದರೆ ಮನೆ 127 ಲಕ್ಷಕ್ಕೆ ಮಾರಾಟವಾಗಬೇಕು. ಎಂದರೆ ಹತ್ತು ವರ್ಷವೂ ಸರಾಸರಿ ಶೇ. 6.1ರ ಏರಿಕೆ. ಮೂರೇ ವರ್ಷದಲ್ಲಿ ವರ್ಗಾವಣೆಯಾಗಿ ಮನೆ ಮಾರಬೇಕಾಗಿ ಬಂದರೆ ಬೇಕಾಗುವ ಏರಿಕೆ ವರ್ಷಕ್ಕೆ ಶೇ. 9.2. ಅಲ್ಪಾವಧಿಯ ವಾಸಕ್ಕೆ ಮನೆ ಕೊಳ್ಳುವುದು ಏಕೆ ದುಬಾರಿ ಎಂಬುದಕ್ಕೆ ಆ 7 ಲಕ್ಷವೇ ಉತ್ತರ.

ಇಷ್ಟು ನೋಡಿ ಬಾಡಿಗೆಯೇ ಮೇಲೆಂದು ತೀರ್ಮಾನಿಸುವುದು ಅವಸರವಾದೀತು. ಈ ಲೆಕ್ಕದ ಪ್ರಾಣವಿರುವುದು ‘ಕೂಡಿಡುತ್ತಾನೆ’ ಎಂಬ ಒಂದು ಕ್ರಿಯಾಪದದಲ್ಲಿ. ಬಾಡಿಗೆದಾರನು ತಿಂಗಳ ವ್ಯತ್ಯಾಸವನ್ನು ಕಾರು, ಪ್ರವಾಸ, ಸಮಾರಂಭಗಳಿಗೆ ಖರ್ಚು ಮಾಡಿದರೆ ಹತ್ತು ವರ್ಷಗಳ ಬಳಿಕ ಅವನಲ್ಲಿ ಉಳಿಯುವುದು ಮೊದಲಿನ ಉಳಿತಾಯ ಬೆಳೆದ 36.8 ಲಕ್ಷ ಮಾತ್ರ. ಮನೆಯ ಬೆಲೆ ವರ್ಷಕ್ಕೆ ಕೇವಲ ಶೇ. 3 ಏರಿದರೂ ಕೊಂಡವನ ಕೈಯಲ್ಲಿ ಸಾಲ ಕಳೆದು ಸುಮಾರು 54 ಲಕ್ಷ ಇರುತ್ತದೆ. ಬ್ಯಾಂಕಿನ ಕಂತು ಬಲವಂತದ ಉಳಿತಾಯ. ಆ ಬಲವಂತವಿಲ್ಲದೆ ಉಳಿಸುವ ಶಿಸ್ತು ಕುಟುಂಬದಲ್ಲಿ ಇದೆಯೇ ಎಂಬುದನ್ನು ಕಳೆದ ಮೂರು ವರ್ಷಗಳ ಪಾಸ್‌ಬುಕ್ಕೇ ಹೇಳುತ್ತದೆ. ಇನ್ನೊಂದು ಸಂಗತಿಯೂ ಇದೆ. ಇಂದಿನ 18,000 ಬಾಡಿಗೆ ಶೇ. 5ರಂತೆ ಏರಿ ಇಪ್ಪತ್ತನೆಯ ವರ್ಷದ ಕೊನೆಗೆ ಸುಮಾರು 47,800 ಆಗುತ್ತದೆ. ಕೊಂಡವನ ಕಂತು ಮುಗಿಯುವ ಹೊತ್ತಿಗೆ ಬಾಡಿಗೆದಾರನ ಬಾಡಿಗೆ ಆ ಕಂತಿನ ಮಟ್ಟ ಮುಟ್ಟಿರುತ್ತದೆ. ನಿವೃತ್ತಿಯ ಬಳಿಕವೂ ಬಾಡಿಗೆಯಲ್ಲಿರುವವರಿಗೆ ಮುಟ್ಟದ ನಿಧಿಯೊಂದು ಇರಲೇಬೇಕು.

ತೆರಿಗೆ ವಿನಾಯಿತಿಯ ಆಸೆಯಿಂದ ಸಾಲ ಮಾಡುವವರು ಒಂದನ್ನು ಗಮನಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ತಾವೇ ವಾಸಿಸುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ಕಡಿತವಿದೆ. ಹೊಸ ಪದ್ಧತಿಯಲ್ಲಿ ಆ ಕಡಿತವೂ ಇಲ್ಲ, ಮನೆಬಾಡಿಗೆ ಭತ್ಯೆಯ ವಿನಾಯಿತಿಯೂ ಇಲ್ಲ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಮೇಲಿನ ಲೆಕ್ಕ ಹಾಗೆಯೇ ಅನ್ವಯಿಸುತ್ತದೆ.

ಊರು ಬದಲಾದಂತೆ ಲೆಕ್ಕದ ಸಾಲುಗಳೂ ಬದಲಾಗುತ್ತವೆ. ಠಾಣೆಯ ಘೋಡ್‌ಬಂದರ್ ರಸ್ತೆಯ ಗಗನಚುಂಬಿಗಳಲ್ಲಿ ಲಿಫ್ಟು, ಈಜುಕೊಳ, ಕಾವಲುಗಳ ವಂತಿಗೆ ಹಳೆಯ ನಾಲ್ಕಂತಸ್ತಿನ ಕಟ್ಟಡಕ್ಕಿಂತ ಹಲವು ಪಟ್ಟು ಹೆಚ್ಚಿರಬಹುದು. ನವಿ ಮುಂಬಯಿಯಲ್ಲಿ ಸಿಡ್ಕೊ ನೀಡಿದ ನೆಲ ಗುತ್ತಿಗೆಯದಾಗಿದ್ದರೆ ಮರುಮಾರಾಟದಲ್ಲಿ ಅದರ ವರ್ಗಾವಣೆ ಶುಲ್ಕವನ್ನೂ ಸೇರಿಸಬೇಕು. ಕಟ್ಟುತ್ತಿರುವ ಮನೆಗೆ ಶೇ. 5ರ ಜಿಎಸ್‌ಟಿ ಇದೆ. 45 ಲಕ್ಷ ರೂಪಾಯಿ ಮತ್ತು 60 ಚದರ ಮೀಟರ್ ಕಾರ್ಪೆಟ್ ವಿಸ್ತೀರ್ಣದ ಮಿತಿಯೊಳಗಿನ ಮನೆಗೆ ಅದು ಶೇ. 1. ಕೀಲಿ ಕೈಗೆ ಬರುವವರೆಗೆ ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಕಟ್ಟಬೇಕಾದ ತಿಂಗಳುಗಳನ್ನು ಮರೆಯುವವರೇ ಹೆಚ್ಚು.

ಕಲ್ಯಾಣ–ಡೊಂಬಿವಲಿಯಲ್ಲಿ ಇದಕ್ಕಿಂತ ದೊಡ್ಡ ಅಪಾಯವೊಂದಿದೆ. ನಗರಪಾಲಿಕೆಯ ನಕಲಿ ಪರವಾನಗಿಗಳನ್ನು ತೋರಿಸಿ ಮಹಾರೇರಾ ನೋಂದಣಿಯನ್ನೂ ಪಡೆದಿದ್ದ 65 ಕಟ್ಟಡಗಳ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು 2024ರ ನವೆಂಬರಿನಲ್ಲಿ ಅವುಗಳನ್ನು ಕೆಡವಲು ಆದೇಶಿಸಿತು. ಅಲ್ಲಿ ಮನೆ ಕೊಂಡವರಿಗೆ ನೋಂದಣಿ ಸಂಖ್ಯೆಯೊಂದೇ ರಕ್ಷೆಯಾಗಲಿಲ್ಲ. ಕಟ್ಟಡದ ಕಾಮಗಾರಿ ಆರಂಭದ ಪರವಾನಗಿ ಮತ್ತು ವಾಸಯೋಗ್ಯತಾ ಪತ್ರಗಳ ಸಂಖ್ಯೆಯನ್ನು ಪಾಲಿಕೆಯ ನಗರ ರಚನಾ ವಿಭಾಗದಲ್ಲಿಯೇ ತಾಳೆ ನೋಡಬೇಕು. ಅಲ್ಲಿ ಕಡತ ಸಿಗದಿದ್ದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಆ ಮನೆ ದುಬಾರಿ.

ಬಾಡಿಗೆಯಲ್ಲಿರುವವರಿಗೂ ಒಂದು ಬಲೆಯಿದೆ. ಅದು ‘ಹೆವಿ ಡಿಪಾಸಿಟ್’. ಅದೇ ಮನೆಗೆ 6 ಲಕ್ಷ ಡಿಪಾಸಿಟ್ ಕೊಟ್ಟರೆ ಬಾಡಿಗೆಯನ್ನು 15,000ಕ್ಕೆ ಇಳಿಸುವೆನೆಂದು ಮನೆಯೊಡೆಯ ಹೇಳಿದನೆನ್ನಿ. ಹೆಚ್ಚುವರಿ 5 ಲಕ್ಷಕ್ಕೆ ಶೇ. 6ರಂತೆ ತಿಂಗಳಿಗೆ 2,500 ಬಡ್ಡಿ ಕಳೆಯುತ್ತದೆ, 3,000 ಬಾಡಿಗೆ ಉಳಿಯುತ್ತದೆ. 500 ರೂಪಾಯಿಯ ಲಾಭಕ್ಕಾಗಿ 5 ಲಕ್ಷವನ್ನು ಅಪರಿಚಿತನ ಕೈಯಲ್ಲಿ ಭದ್ರತೆಯಿಲ್ಲದೆ ಇಟ್ಟಂತಾಯಿತು. ಮಹಾರಾಷ್ಟ್ರ ಸರಕಾರವು ಇಂಥ ಒಪ್ಪಂದದ ಮುದ್ರಾಂಕ ಶುಲ್ಕವನ್ನು ಎಣಿಸುವಾಗ ಡಿಪಾಸಿಟ್ಟಿನ ಮೇಲೆ ವರ್ಷಕ್ಕೆ ಶೇ. 10ರ ಬಡ್ಡಿಯನ್ನು ಬಾಡಿಗೆಗೆ ಸೇರಿಸಿ, ಆ ಮೊತ್ತದ ಶೇ. 0.25 ವಸೂಲು ಮಾಡುತ್ತದೆ. ಕಳೆದುಹೋದ ಬಡ್ಡಿಯೂ ಬಾಡಿಗೆಯೇ ಎಂಬುದನ್ನು ಸರಕಾರ ಬಲ್ಲದು. ಬಾಡಿಗೆದಾರ ಮಾತ್ರ ಮರೆಯುತ್ತಾನೆ.

ಸರಕಾರದ ಈ ಅರಿವು ಶುಲ್ಕ ವಸೂಲಿಯಲ್ಲಿ ನಿಲ್ಲಬಾರದು. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಯ ಡಿಪಾಸಿಟ್ಟನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿದೆ; ಆದರೆ ರಾಜ್ಯಗಳು ತಮ್ಮ ಶಾಸನದಲ್ಲಿ ಅಳವಡಿಸಿಕೊಂಡರೆ ಮಾತ್ರ ಅದಕ್ಕೆ ಬಲ. ಮತ ಕೇಳಲು ಬರುವವರನ್ನು ಕನ್ನಡ ಸಂಘಗಳೂ ಸಮಾಜದ ಮುಖಂಡರೂ ಈ ಮಿತಿಯ ಬಗ್ಗೆ ಕೇಳಬೇಕು. ಶೇ. 7ರ ಮುದ್ರಾಂಕ ಶುಲ್ಕವನ್ನು ಮೊದಲ ಮನೆಗಾದರೂ ಇಳಿಸುವಿರಾ ಎಂದೂ ಕೇಳಬೇಕು.

ಸಮಾಜದೊಳಗೆ ಬದಲಾಗಬೇಕಾದದ್ದು ವರಾನ್ವೇಷಣೆಯ ಆ ಮೂರನೆಯ ಪ್ರಶ್ನೆ. ಈ ಊರಿನಲ್ಲಿ ಎಷ್ಟು ವರ್ಷ ಇರುವಿರಿ, ತಿಂಗಳಿಗೆ ಎಷ್ಟು ಉಳಿಸುತ್ತೀರಿ, ಸಾಲ ಎಷ್ಟಿದೆ ಎಂದು ಕೇಳುವುದು ಹೆಣ್ಣುಮಗಳ ಹಿತಕ್ಕೆ ಹೆಚ್ಚು ಹತ್ತಿರ. 40 ಲಕ್ಷ ಉಳಿಸಿಕೊಂಡು ಬಾಡಿಗೆ ಮನೆಯಲ್ಲಿರುವ ವರನು, 56 ಲಕ್ಷ ಸಾಲದ ಸ್ವಂತ ಮನೆಯಲ್ಲಿರುವ ವರನಿಗಿಂತ ಬಡವನಲ್ಲ. ಹತ್ತು ವರ್ಷ ಒಂದೇ ಊರಿನಲ್ಲಿ ನೆಲೆಯೂರುವ, ಕಂತು ಕಟ್ಟಿಯೂ ಆರು ತಿಂಗಳ ಖರ್ಚು ಕೈಯಲ್ಲಿ ಉಳಿಯುವ ಕುಟುಂಬ ಧಾರಾಳವಾಗಿ ಕೊಳ್ಳಲಿ. ಉಳಿದವರು ಬಾಡಿಗೆ ಮನೆಯಲ್ಲಿದ್ದು ವ್ಯತ್ಯಾಸವನ್ನು ಪ್ರತಿ ತಿಂಗಳೂ ಠೇವಣಿಗೆ ಹಾಕಲಿ.