ನಡುವೆ ಬೀಗ ಬಿದ್ದ ಪರೀಕ್ಷೆ

ವಾಚಕರೊಡನೆ ಈ ವಾರ ಒಂದು ಪತ್ರದ ವಿಷಯವನ್ನು ಹಂಚಿಕೊಳ್ಳಬೇಕೆಂದಿದ್ದೇನೆ. ಪತ್ರ ನನ್ನದಲ್ಲ, ನನ್ನ ತಂಗಿಯ ಮಗಳದು. ಬರೆಯುವಾಗ ಪಕ್ಕದಲ್ಲಿ ಕುಳಿತಿದ್ದವನು ಮಾತ್ರ ನಾನು.

ಕೆಲವು ತಿಂಗಳ ಹಿಂದೆ, ಒಂದು ಭಾನುವಾರದ ಇಳಿಹೊತ್ತಿನಲ್ಲಿ, ತಾಯಿ ಮಗಳು ಇಬ್ಬರೂ ನಾಗಮಂಗಲದ ಕಡೆಯಿಂದ ಬಸ್ಸಿನಲ್ಲಿ ಹೊರಟು ಪಾಂಡವಪುರದ ಮಾರ್ಗವಾಗಿ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದರು. ಹುಡುಗಿಯ ಕಣ್ಣು ಅತ್ತು ಕೆಂಪಾಗಿದ್ದವು.

“ಅಣ್ಣಯ್ಯ, ಇವಳ ಪರೀಕ್ಷೆ ಅರ್ಧದಲ್ಲೇ ನಿಂತುಹೋಯಿತು. ಕಳ್ಳತನ ಮಾಡಿದವಳ ಹಾಗೆ ಬಾಗಿಲು ಹಾಕಿಬಿಟ್ಟರು” ಎಂದಳು ತಂಗಿ.

ವೃತ್ತಿ ಪ್ರಮಾಣಪತ್ರ ಕೊಡುವ ಒಂದು ಸಂಸ್ಥೆಯ ಪರೀಕ್ಷೆ ಅದು. ಮನೆಯಲ್ಲಿಯೇ ಲ್ಯಾಪ್‌ಟಾಪಿನ ಮುಂದೆ ಕುಳಿತು ಬರೆಯಬೇಕು. ಬೆಳಿಗ್ಗೆ 10 ಗಂಟೆಯಿಂದ 11-30ರವರೆಗೆ, 60 ಪ್ರಶ್ನೆಗಳು. ಕೊಠಡಿಯಲ್ಲಿ ಓಡಾಡುವ ಮೇಲ್ವಿಚಾರಕರ ಬದಲು ಕ್ಯಾಮೆರಾ, ಮೈಕು ಮತ್ತು ಒಂದು ವಿಶೇಷ ಬ್ರೌಸರ್ ಅಭ್ಯರ್ಥಿಯನ್ನು ಕಾಯುತ್ತವೆ. ಇದಕ್ಕೆ ಪ್ರಾಕ್ಟರಿಂಗ್ ಎಂದು ಹೆಸರು. ಈ ಕಾವಲನ್ನು ಸಾಮಾನ್ಯವಾಗಿ ಪರೀಕ್ಷಾ ಸಂಸ್ಥೆಯು ಬೇರೊಂದು ಕಂಪನಿಗೆ ಒಪ್ಪಿಸಿರುತ್ತದೆ.

ನಡೆದದ್ದು ಇಷ್ಟು. 37 ಪ್ರಶ್ನೆಗಳಿಗೆ ಉತ್ತರ ಬರೆದಾಗಿತ್ತು. ಗಂಟೆ 10-44ಕ್ಕೆ ವಿದ್ಯುತ್ತು ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿಯ ಆಸರೆ ಇತ್ತು. ಆದರೆ ಇಂಟರ್‌ನೆಟ್ಟಿನ ಪೆಟ್ಟಿಗೆ ಆರಿಹೋಯಿತು. ಹುಡುಗಿ ಗಾಬರಿಯಿಂದ ಎದ್ದು ಪಕ್ಕದ ಕೋಣೆಯಿಂದ ಮೊಬೈಲ್ ಫೋನನ್ನು ತಂದು, ಅದರ ಹಾಟ್‌ಸ್ಪಾಟ್ ಮೂಲಕ ಮತ್ತೆ ಸಂಪರ್ಕ ಪಡೆದಳು. ಪ್ರಶ್ನೆ ಪತ್ರಿಕೆ ಒಂದು ಗಳಿಗೆ ಕಾಣಿಸಿ ಮಾಯವಾಯಿತು. 10-47ಕ್ಕೆ ಪರದೆಯ ಮೇಲೆ ಒಂದೇ ಸಾಲು ಉಳಿಯಿತು: ಖಾತೆಯನ್ನು ಸ್ಥಗಿತಗೊಳಿಸಲಾಗಿದೆ, ಪರೀಕ್ಷಾ ಸಂಸ್ಥೆಯನ್ನು ಸಂಪರ್ಕಿಸಿ. ಇನ್ನೂ 43 ನಿಮಿಷಗಳು ಉಳಿದಿದ್ದವು.

ಅವಳು ಕೂಡಲೇ ಒಂದು ಇಮೇಲ್ ಕಳಿಸಿದ್ದಳು. ಅದನ್ನು ಓದಿಸಿ ಕೇಳಿದೆ. ‘ನನ್ನ ಜೀವನ ಹಾಳಾಯಿತು, ನಿಮ್ಮ ವ್ಯವಸ್ಥೆ ಸರಿಯಿಲ್ಲ, ದಯವಿಟ್ಟು ನ್ಯಾಯ ಕೊಡಿ’ ಎಂದಿತ್ತು. ನೋಂದಣಿ ಸಂಖ್ಯೆಯಿಲ್ಲ, ವೇಳೆಯಿಲ್ಲ, ಏನಾಯಿತೆಂಬ ವಿವರವಿಲ್ಲ. ದೂರಿನ ಸಂಖ್ಯೆಯೊಂದನ್ನು ತಿಳಿಸುವ ಯಾಂತ್ರಿಕ ಉತ್ತರ ಮಾತ್ರ ಬಂದಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ಅಂಥ ಪತ್ರವನ್ನು ಓದಿದವರು ಯಾವ ಕಡತವನ್ನು ತೆರೆಯಬೇಕು?

ಇಲ್ಲಿ ಯಂತ್ರದ ಕಡೆಯಿಂದ ನಡೆದದ್ದನ್ನು ವಾಚಕರು ತಿಳಿಯಬೇಕು. ಪರೀಕ್ಷೆಯ ಬ್ರೌಸರ್ ಕೆಲವು ಸೆಕೆಂಡುಗಳಿಗೊಮ್ಮೆ ‘ನಾನಿದ್ದೇನೆ’ ಎಂದು ಸರ್ವರಿಗೆ ಸಂಜ್ಞೆ ಕಳಿಸುತ್ತಿರುತ್ತದೆ. ಸಂಜ್ಞೆ ನಿಂತರೆ ‘ಸಂಪರ್ಕ ಕಡಿದಿದೆ’ ಎಂದು ದಾಖಲೆಯಾಗುತ್ತದೆ. ಅದೊಂದೇ ಆದರೆ ಬಹುಮಟ್ಟಿಗೆ ಬೀಗ ಬೀಳುವುದಿಲ್ಲ. ಮರಳಿ ಬರಲು ಅವಕಾಶವಿರುತ್ತದೆ. ಆದರೆ ಇವಳು ಫೋನಿನ ಮೂಲಕ ಮರಳಿದಾಗ ಜಾಲದ ವಿಳಾಸವೇ ಬದಲಾಗಿತ್ತು. ಸರ್ವರಿನ ದೃಷ್ಟಿಯಲ್ಲಿ ಅದು ಬೇರೊಂದು ಸ್ಥಳದಿಂದ ಬೇರೊಬ್ಬರು ಬಂದಂತೆ. ಅದಕ್ಕೆ ಮುಂಚೆ ಕ್ಯಾಮೆರಾದಲ್ಲಿ ಮುಖ ಮರೆಯಾಗಿತ್ತು. ಆಮೇಲೆ ಕೈಯಲ್ಲಿ ಫೋನು ಕಂಡಿತ್ತು. ಮೂರು ನಿಮಿಷಗಳೊಳಗೆ ಇಷ್ಟೂ ಕೂಡಿಕೊಂಡವು, ಬೀಗ ಬಿತ್ತು.

ಈ ಘಟನೆಗಳೆಲ್ಲ ವೇಳೆಯ ಸಮೇತ ಲಾಗ್ ಎಂಬ ದಾಖಲೆಯಲ್ಲಿ ಒಂದರ ಕೆಳಗೊಂದು ಬರೆದಿರುತ್ತವೆ. ಏನು ನಡೆಯಿತೆಂಬುದು ಲಾಗಿಗೆ ಗೊತ್ತು. ಏಕೆ ನಡೆಯಿತೆಂಬುದು ಗೊತ್ತಿಲ್ಲ. ಹಳ್ಳಿಯಲ್ಲಿ ವಿದ್ಯುತ್ತು ಹೋದದ್ದನ್ನು ಅದು ಕಂಡಿಲ್ಲ. ಆ ‘ಏಕೆ’ ಎಂಬುದನ್ನು, ಅವರ ಗಡಿಯಾರಕ್ಕೆ ಹೊಂದಿಸಿ, ಹೊರಗಿನ ಸಾಕ್ಷ್ಯದೊಡನೆ ಒದಗಿಸುವುದೇ ಪತ್ರದ ಕೆಲಸ.

ನಾನು ಹಾಳೆ ತೆಗೆದು ನಿಮಿಷ ನಿಮಿಷದ ಪಟ್ಟಿ ಮಾಡತೊಡಗಿದೆ. ಫೋನಿನ ಮಾತು ಬಂದಾಗ ಹುಡುಗಿ ನನ್ನ ಕೈ ಹಿಡಿದಳು.

“ಮಾವ, ಫೋನ್ ಎತ್ತಿಕೊಂಡದ್ದನ್ನು ಮಾತ್ರ ಬರೆಯುವುದು ಬೇಡ. ಫೋನ್ ಮುಟ್ಟಬಾರದು ಅಂತ ನಿಯಮದಲ್ಲೇ ಇತ್ತು.”

“ಕ್ಯಾಮೆರಾ ಅದನ್ನು ನೋಡಿದೆಯಲ್ಲಮ್ಮ?”

“ನೋಡಿದೆ.”

“ಹಾಗಿದ್ದ ಮೇಲೆ ನೀನು ಮುಚ್ಚಿಟ್ಟರೆ ಯಾರಿಗೆ ನಷ್ಟ? ಅವರು ಮೊದಲು ನೋಡುವುದೇ ಆ ಚಿತ್ರವನ್ನು. ಪತ್ರದಲ್ಲಿ ಅದಿಲ್ಲದಿದ್ದರೆ ಮಿಕ್ಕದ್ದನ್ನೂ ನಂಬುವುದಿಲ್ಲ.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಕೊನೆಗೆ ತಾನೇ ಆ ಸಾಲನ್ನು ಬರೆದಳು. ಪತ್ರವು ಇಂಗ್ಲಿಷಿನಲ್ಲಿ ಹೋಯಿತು. ಅದರ ಕನ್ನಡ ರೂಪ ಹೀಗಿದೆ. ನೋಂದಣಿ ಸಂಖ್ಯೆ, ಪರೀಕ್ಷೆಯ ಸಂಕೇತ, ದಿನಾಂಕ, ಮೊದಲ ದೂರಿನ ಸಂಖ್ಯೆ, ಇವು ವಿಷಯದ ಸಾಲಿನಲ್ಲಿಯೇ ಇದ್ದವು.

‘ಮಾನ್ಯರೇ, ನಾನು ಈ ದಿನ ಭಾರತೀಯ ಕಾಲಮಾನ 10-00ಕ್ಕೆ ಪರೀಕ್ಷೆಯನ್ನು ಆರಂಭಿಸಿದೆನು. 10-44ಕ್ಕೆ ನಮ್ಮ ಊರಿನ ವಿದ್ಯುತ್ ಸರಬರಾಜು ನಿಂತು ಸಂಪರ್ಕ ಕಡಿಯಿತು. ನಾನು ಆಸನದಿಂದ ಎದ್ದು, ಪಕ್ಕದ ಕೋಣೆಯಿಂದ ಫೋನನ್ನು ತಂದು, ಹಾಟ್‌ಸ್ಪಾಟ್ ಮೂಲಕ ಅದೇ ಲ್ಯಾಪ್‌ಟಾಪಿನಿಂದ ಮರಳಿ ಪ್ರವೇಶಿಸಿದೆನು. ಫೋನನ್ನು ಮುಟ್ಟುವುದು ನಿಯಮಕ್ಕೆ ವಿರುದ್ಧವೆಂದು ಬಲ್ಲೆ. ಸಂಪರ್ಕಕ್ಕಲ್ಲದೆ ಬೇರೆ ಯಾವುದಕ್ಕೂ ಅದನ್ನು ಬಳಸಲಿಲ್ಲ. 10-47ಕ್ಕೆ ನನ್ನ ಖಾತೆ ಸ್ಥಗಿತವಾಯಿತು. ಆಗ 37 ಉತ್ತರಗಳು ಮುಗಿದು 43 ನಿಮಿಷಗಳು ಉಳಿದಿದ್ದವು. ನನ್ನ ತಂದೆಯವರು 10-46ಕ್ಕೆ ವಿದ್ಯುತ್ ಸಹಾಯವಾಣಿ 1912ಕ್ಕೆ ಮಾಡಿದ ದೂರಿನ ಸಂದೇಶವನ್ನು ಲಗತ್ತಿಸಿದ್ದೇನೆ. ನನ್ನ ಕೋರಿಕೆಗಳು ಮೂರು. ಒಂದು, ಈ ಪರೀಕ್ಷೆಯ ಲಾಗ್, ವೀಡಿಯೊ ಹಾಗೂ ಉಳಿಸಿದ ಉತ್ತರಗಳನ್ನು ಅಳಿಸದೆ ಕಾದಿಡಬೇಕು. ಎರಡು, ಸ್ಥಗಿತಕ್ಕೆ ಕಾರಣವನ್ನು ತಿಳಿಸಿ, ಅಧಿಕಾರಿಯೊಬ್ಬರು ಖುದ್ದಾಗಿ ಪರಿಶೀಲಿಸುವವರೆಗೆ ಅದನ್ನು ಅಕ್ರಮವೆಂದು ದಾಖಲಿಸಬಾರದು. ಮೂರು, ಉಳಿದ ಕಾಲವನ್ನಾಗಲಿ ಮರುಪರೀಕ್ಷೆಯನ್ನಾಗಲಿ ದಯಪಾಲಿಸಬೇಕು.’

‘ಭಾರತೀಯ ಕಾಲಮಾನ’ ಎಂದು ಬರೆಸಿದ್ದು ಸುಮ್ಮನಲ್ಲ. ಅನೇಕ ಸರ್ವರುಗಳು ವಿಶ್ವಕಾಲಮಾನದಲ್ಲಿ ದಾಖಲೆ ಬರೆಯುತ್ತವೆ. ಅದು ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ನಮ್ಮ 10-47 ಅಲ್ಲಿ 05-17 ಆಗಿರುತ್ತದೆ. ವೀಡಿಯೊವನ್ನು ಕಾದಿಡಲು ಮೊದಲೇ ಕೇಳಿದ್ದಕ್ಕೂ ಕಾರಣವುಂಟು. ಅಂಥ ಚಿತ್ರಗಳನ್ನು ಗೊತ್ತಾದ ಅವಧಿಯ ಬಳಿಕ ಅಳಿಸುವುದು ವಾಡಿಕೆ. ವಾದ ಮುಗಿಯುವ ವೇಳೆಗೆ ಸಾಕ್ಷ್ಯವೇ ಇಲ್ಲವಾಗಬಹುದು. ಇನ್ನೊಂದು ಎಚ್ಚರಿಕೆ: ಪರದೆಯ ಚಿತ್ರ ಕಳಿಸುವವರು ಸ್ಥಗಿತದ ಸಾಲಿನ ಚಿತ್ರವನ್ನಷ್ಟೇ ಕಳಿಸಬೇಕು. ಪ್ರಶ್ನೆಯ ಚಿತ್ರ ತೆಗೆದರೆ ಅದೇ ಒಂದು ಹೊಸ ಅಪರಾಧವಾದೀತು.

ಮರುದಿನ ಹುಡುಗಿಯ ತಂದೆ ತಮ್ಮ ಹೋಬಳಿಯ ವಿದ್ಯುತ್ ಉಪಕೇಂದ್ರಕ್ಕೆ ಹೋದರು. ಯಾವ ಫೀಡರು ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಮರಳಿತು ಎಂಬುದನ್ನು ಅಲ್ಲಿಯ ಪುಸ್ತಕದಲ್ಲಿ ಬರೆದಿಡುತ್ತಾರೆ. ಅಭಿಯಂತರರು ಅದರ ನಕಲನ್ನು ಸಹಿಮಾಡಿ ಕೊಟ್ಟರು: 10-43ಕ್ಕೆ ನಿಂತು 11-20ಕ್ಕೆ ಮರಳಿತ್ತು. ಒಂದು ನಿಮಿಷದ ವ್ಯತ್ಯಾಸ ಕಂಡು ಹುಡುಗಿ ತನ್ನ ಪತ್ರವನ್ನು ತಿದ್ದಬೇಕೆಂದಳು. ಕೂಡದೆಂದೆ. ಎರಡು ಗಡಿಯಾರಗಳು ಒಂದು ನಿಮಿಷ ಬೇರೆಯಾಗುವುದು ಸಹಜ. ಕಂಡದ್ದನ್ನು ಆಮೇಲೆ ತಿದ್ದುವುದೇ ಸಂಶಯಕ್ಕೆ ಎಡೆ. ನಕಲು ಹಾಗೆಯೇ ಅದೇ ದೂರಿನ ಸಂಖ್ಯೆಯಡಿ ಹೋಯಿತು.

ಕಾರಣ ಕೇಳುವ ಹಕ್ಕು ನಮಗುಂಟೆ ಎಂದು ತಂಗಿ ಸಂದೇಹಪಟ್ಟಳು. ಉತ್ತರ ಪ್ರದೇಶದ ಪರೀಕ್ಷಾ ಮಂಡಲಿಯೊಂದು 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರ ಮಾತು ಕೇಳದೆಯೇ ರದ್ದುಮಾಡಿತ್ತು. ಅಕ್ರಮದ ಆರೋಪ ಹೊರಿಸಿ ಶಿಕ್ಷಿಸುವ ಮುನ್ನ ವಿದ್ಯಾರ್ಥಿಯ ಅಹವಾಲನ್ನು ಕೇಳಲೇಬೇಕೆಂದು ಸುಪ್ರೀಂ ಕೋರ್ಟು 1962ರಲ್ಲಿ, ಘನಶ್ಯಾಮ ದಾಸ ಗುಪ್ತ ಪ್ರಕರಣದಲ್ಲಿ, ತೀರ್ಮಾನಿಸಿತು. ಅದು ಶಾಸನದಿಂದ ಹುಟ್ಟಿದ ಮಂಡಲಿಯ ಮಾತು. ಖಾಸಗಿ ಸಂಸ್ಥೆಯಾದರೆ ಅದರದೇ ಮೇಲ್ಮನವಿಯ ನಿಯಮಗಳನ್ನು ಹುಡುಕಿ ಓದಬೇಕು. ಅದಕ್ಕೆ ಗಡುವಿದ್ದರೆ ಮೀರಬಾರದು.

ಒಂಬತ್ತನೆಯ ದಿನ ಉತ್ತರ ಬಂದಿತು. ಲಾಗ್, ವೀಡಿಯೊಗಳನ್ನು ಪರಿಶೀಲಿಸಿದ್ದಾರೆ. ಅಕ್ರಮದ ಗುರುತನ್ನು ತೆಗೆದಿದ್ದಾರೆ. ಶುಲ್ಕವಿಲ್ಲದೆ ಬೇರೊಂದು ದಿನ ಬರೆಯಬಹುದು. ಆದರೆ ಉಳಿದ 43 ನಿಮಿಷಗಳು ಮರಳಲಿಲ್ಲ. ಬರೆದ 37 ಉತ್ತರಗಳೂ ವ್ಯರ್ಥ. ಒಮ್ಮೆ ಕಣ್ಣಿಗೆ ಬಿದ್ದ ಪ್ರಶ್ನೆ ಪತ್ರಿಕೆಯನ್ನು ಬಿಡುವು ಕೊಟ್ಟು ಮತ್ತೆ ತೆರೆಯಲಾಗದೆಂಬುದು ಅವರ ಸಮಜಾಯಿಷಿ. ಹುಡುಗಿಗೆ ಇದರಿಂದ ನೋವಾಯಿತು. ಆದರೆ ಮಾತು ನ್ಯಾಯವಾದುದೇ.

ಮನೆಯ ಪರೀಕ್ಷೆಯ ಈ ತೊಡಕನ್ನು ನಮ್ಮ ರಾಜಧಾನಿಯೂ ಕಂಡಿದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯು 2020ರ ಸೆಪ್ಟೆಂಬರ್ 12ರಂದು ತನ್ನ ಪ್ರವೇಶ ಪರೀಕ್ಷೆಯನ್ನು ಹೀಗೆಯೇ ನಡೆಸಿತು. ತಾಂತ್ರಿಕ ಅಡಚಣೆಗೆ ಸಿಕ್ಕಿದವರಿಗೆ 14ರಂದು ಮರುಪರೀಕ್ಷೆ ಇಟ್ಟಿತು. ನಡುವೆ ದೊರೆತ ಕಾಲ ಎರಡೇ ದಿನ. ಆ ಪರೀಕ್ಷೆಯನ್ನೇ ಅದೇ ತಿಂಗಳ 21ರಂದು ಸುಪ್ರೀಂ ಕೋರ್ಟು ರದ್ದುಗೊಳಿಸಿತು. ಮನೆಯಿಂದ ಬರೆಯುವ ಪರೀಕ್ಷೆಯ ಪಾರದರ್ಶಕತೆಯ ಪ್ರಶ್ನೆಯೂ ಆ ತೀರ್ಪಿನಲ್ಲಿ ಬಂದಿತ್ತು. ವಿಷಯ ಏನೇ ಆಗಲಿ, ದೂರು ಅದೇ ದಿನ ಹೋಗಬೇಕೆಂಬುದಕ್ಕೆ ಆ ಎರಡು ದಿನಗಳೇ ಸಾಕ್ಷಿ.

ಎರಡನೆಯ ಸಲ ಹುಡುಗಿ ಇಂಟರ್‌ನೆಟ್ ಪೆಟ್ಟಿಗೆಗೆ ಒಂದು ಸಣ್ಣ ಬ್ಯಾಟರಿ ಜೋಡಿಸಿಕೊಂಡಳು. ವಿದ್ಯುತ್ತು ಹೋದರೆ ಏನು ಮಾಡಬೇಕೆಂದು ಸಂಸ್ಥೆಯನ್ನು ಮುಂಚಿತವಾಗಿ ಬರೆದು ಕೇಳಿದಳು. ಎದ್ದು ಹೋಗದೆ, ಕ್ಯಾಮೆರಾದ ಎದುರಿನಲ್ಲೇ ಕುಳಿತು, ಪರದೆಯ ಸಂದೇಶದ ಕಿಂಡಿಯಲ್ಲಿ ಮೇಲ್ವಿಚಾರಕರಿಗೆ ತಿಳಿಸಿ ಕಾಯಬೇಕೆಂದು ಉತ್ತರ ಬಂದಿತ್ತು.

ಆ ದಿನ ವಿದ್ಯುತ್ತು ಹೋಗಲಿಲ್ಲ. ಫಲಿತಾಂಶ ಇನ್ನೂ ಬರಬೇಕಾಗಿದೆ. ಮೊನ್ನೆ ಫೋನು ಮಾಡಿದಾಗ ಹುಡುಗಿ ಫಲಿತಾಂಶದ ಮಾತನ್ನೇ ಆಡಲಿಲ್ಲ. “ಮಾವ, ಫೋನಿನ ಸಾಲು ಬರೆದದ್ದೇ ಒಳ್ಳೆಯದಾಯಿತು. ಅವರ ಉತ್ತರದಲ್ಲಿ ಮೊದಲು ಅದನ್ನೇ ಹೇಳಿದ್ದರು” ಎಂದಳು.