‘ಧನ್ಯವಾದ’ದ ನಂತರದ ಸ್ಲೈಡ್‌ಗಳು

‘ತಮ್ಮಾ, ನಿನ್ನ ಈ ಯಂತ್ರ ನಮ್ಮ ಎರಿ ಮಣ್ಣಾಗೂ ಖರೇ ಹೇಳತೈತೇನು?’

ಬಿಜ್ಜರಗಿಯ ದ್ರಾಕ್ಷಿ ತೋಟದಲ್ಲಿ ಕಾಕಾ ಹೀಗೆ ಕೇಳಿದಾಗ ನಕ್ಕು ಸುಮ್ಮನಾಗಿದ್ದೆ. ಮಣ್ಣಿನ ತೇವ ನೋಡಿ ಡ್ರಿಪ್ ಚಾಲೂ ಮಾಡುವುದು ನಮ್ಮ ಅಂತಿಮ ವರ್ಷದ ಪ್ರಾಜೆಕ್ಟ್. ವಾರದ ಬಳಿಕ ಕಾಲೇಜಿನ ಅಭ್ಯಾಸ ವೈವಾದಲ್ಲಿ ಸರ್ ಕೇಳಿದ್ದೂ ಅದನ್ನೇ. ಗಾಬರಿಯಿಂದ ಬ್ಯಾಕಪ್ ಸ್ಲೈಡ್‌ಗಳನ್ನು ತಡಕಾಡಿದೆ. ಅಲ್ಲಿದ್ದದ್ದು ಪೂರ್ತಿ ಕೋಡ್ ಮತ್ತು ಮುಖ್ಯ ಸ್ಲೈಡ್‌ಗಳಲ್ಲಿ ಜಾಗ ಸಿಗದ ಫೋಟೊಗಳು. ಉಳಿದದ್ದನ್ನೆಲ್ಲ ಎಸೆಯುವ ಅಟ್ಟದಂತೆ ಅದನ್ನು ಬಳಸಿದ್ದೆ.

ಆ ರಾತ್ರಿ ನಾನು ಮತ್ತು ಗೆಳೆಯ 12 ಸ್ಲೈಡ್‌ಗಳ ಪ್ರಿಂಟ್ ತೆಗೆದು, ಪ್ರತಿ ಸಾಲಿನ ಪಕ್ಕ ‘ಯಾಕೆ? ಎಷ್ಟು? ಹೇಗೆ ಗೊತ್ತು?’ ಎಂದು ಬರೆಯುತ್ತ ಹೋದೆವು. ಮೂವತ್ತರಷ್ಟು ಪ್ರಶ್ನೆಗಳಾದವು. ಬಹುತೇಕಕ್ಕೆ ಬಾಯಲ್ಲೇ ಉತ್ತರ ಸಾಕಿತ್ತು. ಗ್ರಾಫ್, ಕೋಷ್ಟಕ ಅಥವಾ ಸರ್ಕ್ಯೂಟ್ ಚಿತ್ರವಿಲ್ಲದೆ ಹೇಳಲಾಗದವು ಏಳು ಮಾತ್ರ. ಅವಷ್ಟೇ ಬ್ಯಾಕಪ್ ಸ್ಲೈಡ್‌ಗಳಾದವು.

ಅವುಗಳಲ್ಲಿ ಒಂದು ನಮ್ಮನ್ನು ಮತ್ತೆ ಹೊಲಕ್ಕೆ ಕಳಿಸಿತು. ಆರನೇ ಸ್ಲೈಡಿನಲ್ಲಿ ‘ತೇವಾಂಶ ಶೇ 25ಕ್ಕೆ ಇಳಿದರೆ ಪಂಪ್ ಚಾಲೂ’ ಎಂದಿತ್ತು. ಆದರೆ ಸೆನ್ಸರ್ ಶೇಕಡಾವಾರು ಹೇಳುವುದಿಲ್ಲ. 0ಯಿಂದ 1023ರೊಳಗಿನ ಒಂದು ಸಂಖ್ಯೆ ಕೊಡುತ್ತದೆ, ಅಷ್ಟೆ. ಅದನ್ನು ಶೇಕಡಾಕ್ಕೆ ಬದಲಿಸುವ ಸೂತ್ರ ನಾವು ಎಲ್ಲಿಂದಲೋ ತಂದದ್ದು. ಹಾಗಾಗಿ ಸೆನ್ಸರ್ ನೆಟ್ಟ ಜಾಗದ 100 ಗ್ರಾಂ ಹಸಿ ಮಣ್ಣನ್ನು ಲ್ಯಾಬ್ ಓವನ್‌ನಲ್ಲಿ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ತಾಸು ಒಣಗಿಸಿದೆವು. 80 ಗ್ರಾಂ ಉಳಿಯಿತು. ಹೋದ ನೀರು 20 ಗ್ರಾಂ. ಅದನ್ನು ಒಣಮಣ್ಣಿನ 80ರಿಂದ ಭಾಗಿಸಿದರೆ ಶೇ 25. ಅದೇ ಮಣ್ಣಿಗೆ ನಮ್ಮ ಕೋಡ್ ಶೇ 40 ಎನ್ನುತ್ತಿತ್ತು! ಅಂದರೆ ಬಳ್ಳಿ ಬಾಯಾರಿದ ಮೇಲೂ ಪಂಪ್ ಸುಮ್ಮನೆ ಇರುತ್ತಿತ್ತು. ಐದು ಬೇರೆ ಬೇರೆ ತೇವದಲ್ಲಿ ಹೀಗೆ ಅಳೆದು ಸೂತ್ರ ತಿದ್ದಿದೆವು. ಆ ಗ್ರಾಫ್ 16ನೇ ಸ್ಲೈಡ್ ಆಯಿತು. ‘ಒಂದೇ ಹೊಲದ ಎರಿ ಮಣ್ಣಿಗೆ ಮಾತ್ರ’ ಎಂದು ಕೆಳಗೆ ಬರೆದೆವು.

ಸ್ಲೈಡ್ ಇದ್ದರೆ ಸಾಲದು, ತಕ್ಷಣ ಸಿಗಬೇಕು. ಪ್ರತಿ ಬ್ಯಾಕಪ್ ಸ್ಲೈಡಿಗೆ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ, ಅವುಗಳ ಸಂಖ್ಯೆಯ ಪಟ್ಟಿಯನ್ನು ಚೀಟಿಯಲ್ಲಿ ಇಟ್ಟುಕೊಂಡೆವು. ಪವರ್‌ಪಾಯಿಂಟ್ ಸ್ಲೈಡ್ ಶೋದಲ್ಲಿ 16 ಒತ್ತಿ ಎಂಟರ್ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ. ನಡುವೆ ಹೊಸ ಸ್ಲೈಡ್ ಸೇರಿಸಿದರೆ ಮಾತ್ರ ಸಂಖ್ಯೆಗಳು ಬದಲಾಗುತ್ತವೆ, ಚೀಟಿಯನ್ನೂ ತಿದ್ದಬೇಕು.

ವೈವಾದಲ್ಲಿ ಪರೀಕ್ಷಕರು ‘ಈ 25 ಎಲ್ಲಿಂದ ಬಂತು?’ ಎಂದರು. 16 ಒತ್ತಿದೆ. ‘ಕೆಂಪು ಮಣ್ಣಿಗೆ?’ ಎಂದರು. ‘ಅಳೆದಿಲ್ಲ ಸರ್’ ಎಂದೆ. ತಲೆಯಾಡಿಸಿ ಮುಂದಿನ ಪ್ರಶ್ನೆಗೆ ಹೋದರು.

ಆ ಪ್ರಶ್ನೆಯನ್ನು ಎಲ್ಲರಿಗಿಂತ ಮೊದಲು ಕೇಳಿದ್ದು ಕಾಕಾ. ಬ್ಯಾಕಪ್ ಸ್ಲೈಡ್ ಮಾಡುವ ಮುನ್ನ ಮುಖ್ಯ ಸ್ಲೈಡ್‌ಗಳನ್ನು ಆ ಯಂತ್ರ ಬಳಸಬೇಕಾದವರಿಗೇ ಒಮ್ಮೆ ತೋರಿಸಿ.